ಫೋನನ್ನು ಎಬ್ಬಿಸುವ ಹಕ್ಕು

2020ರ ಜೂನ್ 16ರಂದು ಜರ್ಮನಿಯ ಸರ್ಕಾರ ‘ಕೊರೋನಾ-ವಾರ್ನ್-ಆ್ಯಪ್’ ಎಂಬ ತಂತ್ರಾಂಶವನ್ನು ಜನರ ಕೈಗಿತ್ತಿತು. ಕಟ್ಟಿದ್ದು ಎಸ್‌ಎಪಿ ಮತ್ತು ಡಾಯ್ಚ ಟೆಲಿಕಾಮ್. ಕೆಲಸ ಸರಳವಾಗಿತ್ತು. ನಿಮ್ಮ ಫೋನು ಅಕ್ಕಪಕ್ಕದ ಫೋನುಗಳ ಜೊತೆ ಬ್ಲೂಟೂತ್ ಮೂಲಕ ಗುಟ್ಟಿನ ಸಂಕೇತಗಳನ್ನು ಹಂಚಿಕೊಳ್ಳುತ್ತದೆ. ಯಾರಿಗಾದರೂ ಸೋಂಕು ತಗುಲಿ ಅವರು ಅದನ್ನು ಆ್ಯಪ್‌ನಲ್ಲಿ ತಿಳಿಸಿದರೆ ಅವರ ಸಂಕೇತಗಳು ಸರ್ವರಿಗೆ ಹೋಗುತ್ತವೆ. ನಿಮ್ಮ ಆ್ಯಪ್ ದಿನಕ್ಕೊಮ್ಮೆ ಆ ಪಟ್ಟಿಯನ್ನು ಇಳಿಸಿಕೊಂಡು ತನ್ನ ಬಳಿ ಇರುವುದರ ಜೊತೆ ಹೋಲಿಸಿ ನೋಡುತ್ತದೆ, ತಾಳೆಯಾದರೆ ಎಚ್ಚರಿಸುತ್ತದೆ. ಜುಲೈ ಮುಗಿಯುವ ಹೊತ್ತಿಗೆ ಅದನ್ನು ಒಂದೂವರೆ ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳಲಾಗಿತ್ತು.

ಆ ತಿಂಗಳ ಕೊನೆಯ ಭಾಗದಲ್ಲಿ ‘ಬಿಲ್ಡ್’ ಪತ್ರಿಕೆ ಒಂದು ಸುದ್ದಿ ಹೊರಗೆಡವಿತು. ಸ್ಯಾಮ್‌ಸಂಗ್, ಹುವಾವೇ ಮುಂತಾದ ಅನೇಕ ಫೋನುಗಳಲ್ಲಿ ಆ ದಿನದ ತಪಾಸಣೆ ನಡೆದೇ ಇರಲಿಲ್ಲ. ಆ್ಯಪ್ ಅನ್ನು ಕೈಯಾರೆ ತೆರೆದವರ ಫೋನಿನಲ್ಲಷ್ಟೇ ಹೋಲಿಕೆ ನಡೆಯುತ್ತಿತ್ತು. ತೆರೆಯದವರು ‘ಎಚ್ಚರಿಕೆ ಬಂದಿಲ್ಲ, ಹಾಗಾದರೆ ನಾನು ಕ್ಷೇಮ’ ಎಂದುಕೊಂಡಿದ್ದರು. ಆರೋಗ್ಯ ಸಚಿವಾಲಯ ಒಪ್ಪಿಕೊಂಡ ಕಾರಣ ಇಷ್ಟೇ: ಬ್ಯಾಟರಿ ಉಳಿಸಲೆಂದು ಆ ಫೋನುಗಳು ಹಿನ್ನೆಲೆಯಲ್ಲಿ ಕೆಲಸ ಮಾಡುವ ಆ್ಯಪ್‌ಗಳನ್ನು ತಡೆಯುತ್ತಿದ್ದವು.

ಇಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಫೋನು ತನಗೆ ಹೇಳಿದ್ದನ್ನೇ ಮಾಡಿತ್ತು. ಹಾಗೆ ಹೇಳಿದವರು ಯಾರು, ಏಕೆ ಹೇಳಿದರು ಎಂದು ತಿಳಿಯಬೇಕಾದರೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

ಎಚ್ಚರದ ಬೀಗ

ಮೊದಲ ಆಂಡ್ರಾಯ್ಡ್ ಫೋನು ಎಚ್‌ಟಿಸಿ ಡ್ರೀಮ್ 2008ರಲ್ಲಿ ಬಂತು. ಅದರ ಬ್ಯಾಟರಿ 1150 ಎಂಎಎಚ್, ಅಂದರೆ ಇಂದಿನ ಸಾಮಾನ್ಯ ಫೋನಿನ ಕಾಲು ಭಾಗದಷ್ಟೂ ಇಲ್ಲ. ಅಷ್ಟರಲ್ಲಿ ದಿನ ದೂಡಬೇಕಾದರೆ ಫೋನು ಹೆಚ್ಚಿನ ಹೊತ್ತು ನಿದ್ದೆ ಮಾಡುತ್ತಲೇ ಇರಬೇಕು. ಇಲ್ಲಿ ನಿದ್ದೆ ಎಂಬುದು ಅಲಂಕಾರದ ಮಾತಲ್ಲ. ಪರದೆ ಆರಿದ ಮೇಲೆ ಮುಖ್ಯ ಪ್ರೊಸೆಸರನ್ನೇ ನಿಲ್ಲಿಸಿ, ಕರೆ ಬಂದರೆ ಎಬ್ಬಿಸಲು ಬೇಕಾದಷ್ಟು ಭಾಗವನ್ನು ಮಾತ್ರ ಜೀವಂತ ಇಡುವುದು.

ಆಂಡ್ರಾಯ್ಡ್ ಕಟ್ಟಿದವರು ಇದಕ್ಕೊಂದು ನಿಯಮ ಮಾಡಿದರು. ಅವಕಾಶ ಸಿಕ್ಕಾಗಲೆಲ್ಲ ಫೋನು ಮಲಗಬೇಕು. ಯಾವುದಾದರೂ ಆ್ಯಪ್‌ಗೆ ಕೆಲಸವಿದ್ದರೆ ಅದು ‘ವೇಕ್‌ಲಾಕ್’ ಎಂಬ ಬೀಗ ಹಾಕಬಹುದು, ಬೀಗ ಇರುವ ತನಕ ಫೋನು ಮಲಗುವಂತಿಲ್ಲ. ಕೆಲಸ ಮುಗಿದ ಮೇಲೆ ಬೀಗ ತೆಗೆಯುವುದು ಆ್ಯಪ್‌ನದೇ ಹೊಣೆ. ಅಂದರೆ ಫೋನನ್ನು ಎಚ್ಚರವಾಗಿಡುವ ಹಕ್ಕು ಆ್ಯಪ್ ಬರೆದವರ ಕೈಯಲ್ಲಿತ್ತು.

ಆಂಡ್ರಾಯ್ಡ್‌ನ ತಳಪಾಯವಾದ ಲಿನಕ್ಸ್‌ನ ಕೆಲಸಗಾರರಿಗೆ ಇದು ಹಿಡಿಸಲಿಲ್ಲ. 2009ರಲ್ಲಿ ಗೂಗಲ್‌ನ ಆರ್ವೆ ಯೊನ್ನೆವೋಗ್ ಈ ಸಂಕೇತವನ್ನು ಲಿನಕ್ಸ್‌ಗೆ ಸೇರಿಸಲು ಕಳುಹಿಸಿದಾಗ ಶುರುವಾದ ಜಗಳ 2010ರ ಬೇಸಿಗೆಯಲ್ಲಿ ತಾರಕಕ್ಕೇರಿತು. ಕೆಟ್ಟದಾಗಿ ಬರೆದ ಆ್ಯಪ್ ಇದ್ದರೆ ಅದನ್ನು ಸರಿಪಡಿಸಿ, ಅದಕ್ಕಾಗಿ ಇಡೀ ವ್ಯವಸ್ಥೆಗೆ ಮಲಗುವ ಚಟ ಹತ್ತಿಸಬೇಡಿ ಎಂಬುದು ಒಂದು ಪಕ್ಷ. ಯಾರು ಯಾರೋ ಬರೆದ ಆ್ಯಪ್‌ಗಳನ್ನು ಜನ ಹಾಕಿಕೊಳ್ಳುತ್ತಾರೆ, ಎಲ್ಲವೂ ಚೆನ್ನಾಗಿರುತ್ತವೆ ಎಂದು ನಂಬಿ ಫೋನು ಮಾಡಲಾಗದು ಎಂಬುದು ಇನ್ನೊಂದು ಪಕ್ಷ. ಕೊನೆಗೆ ರಫೇಲ್ ವಿಸೋಸ್ಕಿ ಎಂಬವರು ರೂಪಿಸಿದ ರಾಜಿಸೂತ್ರ 2012ರ ಲಿನಕ್ಸ್ 3.5 ಆವೃತ್ತಿಯ ಹೊತ್ತಿಗೆ ಪೂರ್ಣವಾಗಿ ಒಳಗೆ ಬಂತು.

ಬೀಗ ಹಾಕಿ ಮರೆತರೆ ಏನಾಗುತ್ತದೆ ಎಂಬುದನ್ನು ಅದೇ 2012ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಅಭಿನವ್ ಪಾಠಕ್ ಮತ್ತು ಸಂಗಡಿಗರು ಈ ದೋಷಕ್ಕೆ ‘ನೋ-ಸ್ಲೀಪ್ ಬಗ್’ ಎಂದು ಹೆಸರಿಟ್ಟರು. ಆ್ಯಪ್ ಬೀಗ ಹಾಕುತ್ತದೆ, ನಡುವೆ ಏನೋ ತಪ್ಪಾಗಿ ಬೀಗ ತೆಗೆಯುವ ಸಾಲಿಗೆ ತಲುಪುವುದೇ ಇಲ್ಲ. ಪರದೆ ಕಪ್ಪಗಿದೆ, ಫೋನು ಜೇಬಿನಲ್ಲಿ ತೆಪ್ಪಗಿದೆ, ಒಳಗೆ ಪ್ರೊಸೆಸರ್ ಮಾತ್ರ ರಾತ್ರಿಯಿಡೀ ಎದ್ದು ಕೂತಿದೆ. ಬೆಳಗ್ಗೆ ಚಾರ್ಜು ಇಲ್ಲ. ಆ ಕಾಲದಲ್ಲಿ ಬಹಳ ಮಂದಿ ‘ಟಾಸ್ಕ್ ಕಿಲ್ಲರ್’ ಆ್ಯಪ್ ಹಾಕಿಕೊಂಡು ಗಂಟೆಗೊಮ್ಮೆ ಎಲ್ಲವನ್ನೂ ಕೊಲ್ಲುತ್ತಿದ್ದುದು ಈ ಸಿಟ್ಟಿನಿಂದಲೇ. ಆದರೆ ಕೊಂದ ಆ್ಯಪ್‌ಗಳಲ್ಲಿ ಅನೇಕವು ಮರುಕ್ಷಣ ಎದ್ದು ಬರುತ್ತಿದ್ದವು, ಮತ್ತೆ ಮತ್ತೆ ಏಳುವುದಕ್ಕೂ ಬ್ಯಾಟರಿಯೇ ಬೇಕಿತ್ತು.

ಆ್ಯಪಲ್ ಹಿಡಿದ ದಾರಿ ಬೇರೆ. ಶುರುವಿನಲ್ಲಿ ಅದು ಹೊರಗಿನವರ ಆ್ಯಪ್‌ಗಳಿಗೆ ಹಿನ್ನೆಲೆಯಲ್ಲಿ ಓಡುವ ಅವಕಾಶವನ್ನೇ ಕೊಡಲಿಲ್ಲ. 2009ರಲ್ಲಿ ಎಲ್ಲ ಆ್ಯಪ್‌ಗಳ ಸೂಚನೆಗಳೂ ಆ್ಯಪಲ್‌ನ ಒಂದೇ ಕೊಳವೆಯಲ್ಲಿ ಹರಿದು ಬರುವ ವ್ಯವಸ್ಥೆ ಮಾಡಿತು, 2010ರಲ್ಲಿ ಕೆಲವೇ ಬಗೆಯ ಹಿನ್ನೆಲೆ ಕೆಲಸಗಳಿಗೆ ಬಾಗಿಲು ತೆರೆಯಿತು. ಮುಚ್ಚಿದ ಬಾಗಿಲನ್ನು ಇಷ್ಟಿಷ್ಟೇ ತೆರೆಯುವುದು ಸುಲಭ. ಆಂಡ್ರಾಯ್ಡ್‌ಗೆ ಒದಗಿದ್ದು ತೆರೆದಿಟ್ಟ ಬಾಗಿಲನ್ನು ಒಂದೊಂದಾಗಿ ಮುಚ್ಚುವ ಕಷ್ಟ.

ಉಳಿಸುವುದೆಂದರೆ ಮುಂದೂಡುವುದು

2014ರಲ್ಲಿ ಗೂಗಲ್ ‘ಪ್ರಾಜೆಕ್ಟ್ ವೋಲ್ಟಾ’ ಎಂಬ ಹೆಸರಿನಲ್ಲಿ ಲೆಕ್ಕ ಹಾಕತೊಡಗಿತು. ಮಲಗಿದ ಫೋನನ್ನು ಒಂದೆರಡು ಸೆಕೆಂಡು ಎಬ್ಬಿಸಿದರೆ ಸುಮಾರು ಎರಡು ನಿಮಿಷದ ನಿದ್ದೆಗೆ ಸಾಕಾಗುವಷ್ಟು ಬ್ಯಾಟರಿ ಖರ್ಚಾಗುತ್ತದೆ ಎಂದು ಅದರ ಎಂಜಿನಿಯರುಗಳು ಹೇಳಿದರು. ಕಾರಣ, ಎಬ್ಬಿಸಿದಾಗ ಪ್ರೊಸೆಸರ್ ಏಳುವುದಷ್ಟೇ ಅಲ್ಲ, ಮೊಬೈಲ್ ಜಾಲಕ್ಕೆ ಮಾತಾಡುವ ರೇಡಿಯೋ ಕೂಡ ಏಳುತ್ತದೆ. ನಾಲ್ಕಕ್ಷರದ ಸಂದೇಶ ಕಳಿಸಿ ಮುಗಿಸಿದ ಮೇಲೂ ಇನ್ನೇನಾದರೂ ಬಂದೀತೆಂದು ಅದು ಹಲವು ಸೆಕೆಂಡು ಎಚ್ಚರವಾಗಿಯೇ ಕಾಯುತ್ತದೆ.

ಹೀಗಾಗಿ ಖರ್ಚು ನಿಂತಿರುವುದು ಎಷ್ಟು ಕೆಲಸ ಎಂಬುದರ ಮೇಲಲ್ಲ, ಎಷ್ಟು ಸಲ ಏಳಬೇಕು ಎಂಬುದರ ಮೇಲೆ. ಉಪ್ಪಿಗೆ ಒಂದು ಸಲ, ಸಾಸಿವೆಗೆ ಒಂದು ಸಲ, ಬೆಲ್ಲಕ್ಕೆ ಒಂದು ಸಲ ಅಂಗಡಿಗೆ ಹೋಗುವುದಕ್ಕೂ ಚೀಟಿ ಬರೆದುಕೊಂಡು ಸಂಜೆ ಒಮ್ಮೆ ಹೋಗಿ ಬರುವುದಕ್ಕೂ ಇರುವ ವ್ಯತ್ಯಾಸ ಇದು. ಅದೇ ವರ್ಷದ ಆಂಡ್ರಾಯ್ಡ್ 5.0ರಲ್ಲಿ ಇಂಥ ಚೀಟಿ ಬರೆಸಿಕೊಳ್ಳುವ ವ್ಯವಸ್ಥೆ ಬಂತು. ಆ್ಯಪ್ ತನ್ನ ಕೆಲಸವನ್ನು ಹೇಳಿಡಬಹುದು, ವ್ಯವಸ್ಥೆ ಹತ್ತಾರು ಆ್ಯಪ್‌ಗಳ ಕೆಲಸವನ್ನು ಒಟ್ಟುಗೂಡಿಸಿ ಒಂದೇ ಸಲ ಎದ್ದು ಮುಗಿಸುತ್ತದೆ. ‘ಬ್ಯಾಟರಿ ಸೇವರ್’ ಎಂಬ ಗುಂಡಿ ಬಂದದ್ದೂ ಆಗಲೇ. ಅದನ್ನು ಒತ್ತಿದರೆ ಪರದೆಯ ಮೇಲೆ ಕೆಳಗೆ ಕಿತ್ತಳೆ ಪಟ್ಟಿ ಕಾಣಿಸಿಕೊಳ್ಳುತ್ತಿತ್ತು. ನೋಡಲು ಕಣ್ಣಿಗೆ ಒಗ್ಗದಿದ್ದರೂ ಆ ಪಟ್ಟಿ ಪ್ರಾಮಾಣಿಕವಾಗಿತ್ತು: ಈಗ ಫೋನು ಪೂರ್ತಿ ಕೆಲಸ ಮಾಡುತ್ತಿಲ್ಲ ಎಂದು ಅದು ಹೇಳುತ್ತಲೇ ಇತ್ತು.

2015ರ ಆಂಡ್ರಾಯ್ಡ್ 6.0ರಲ್ಲಿ ‘ಡೋಜ್’ ಬಂತು. ಇದಕ್ಕೆ ಗುಂಡಿಯೂ ಇಲ್ಲ, ಕಿತ್ತಳೆ ಪಟ್ಟಿಯೂ ಇಲ್ಲ. ಚಾರ್ಜರ್ ಹಾಕಿಲ್ಲ, ಪರದೆ ಆರಿದೆ, ಫೋನು ಅಲ್ಲಾಡದೆ ಮೇಜಿನ ಮೇಲೆ ಕೂತಿದೆ, ಹೀಗೆಯೇ ಒಂದಷ್ಟು ಹೊತ್ತು ಕಳೆದರೆ ತಾನಾಗಿಯೇ ಡೋಜ್ ಶುರುವಾಗುತ್ತದೆ. ಆಗ ಆ್ಯಪ್‌ಗಳಿಗೆ ಇಂಟರ್ನೆಟ್ ಇಲ್ಲ, ಅವುಗಳ ವೇಕ್‌ಲಾಕ್‌ಗಳಿಗೆ ಬೆಲೆ ಇಲ್ಲ, ಸಾಮಾನ್ಯ ಅಲಾರಂಗಳು ಕಾಯಬೇಕು. ಆಗಾಗ ಸ್ವಲ್ಪ ಹೊತ್ತು ಕಿಟಕಿ ತೆರೆಯುತ್ತದೆ, ಎಲ್ಲರೂ ತಮ್ಮ ಕೆಲಸ ಮುಗಿಸಿಕೊಳ್ಳಬೇಕು. ಫೋನು ಅಲ್ಲಾಡದೆ ಇದ್ದಷ್ಟೂ ಕಿಟಕಿ ತೆರೆಯುವುದು ಅಪರೂಪವಾಗುತ್ತ ಹೋಗುತ್ತದೆ.

ಮುಖ್ಯವಾದುದಕ್ಕೆ ಅಪವಾದಗಳನ್ನೂ ಇಟ್ಟರು. ಬೆಳಗಿನ ಐದಕ್ಕೆ ಎಬ್ಬಿಸು ಎಂದು ಗಡಿಯಾರದ ಆ್ಯಪ್‌ನಲ್ಲಿ ಇಟ್ಟ ಅಲಾರಂ ಬಡಿಯುತ್ತದೆ, ಅದಕ್ಕಾಗಿ ಫೋನು ಸ್ವಲ್ಪ ಮುಂಚೆಯೇ ಡೋಜ್‌ನಿಂದ ಹೊರಬರುತ್ತದೆ. ಕರೆ ಅಥವಾ ಸಂದೇಶದಂಥದ್ದು ಗೂಗಲ್‌ನ ಕೊಳವೆಯಲ್ಲಿ ‘ತುರ್ತು’ ಎಂಬ ಗುರುತಿನೊಂದಿಗೆ ಬಂದರೆ ಆ ಒಂದು ಆ್ಯಪ್‌ಗೆ ಮಾತ್ರ ಕೊಂಚ ಹೊತ್ತು ಬಾಗಿಲು ತೆರೆಯುತ್ತದೆ. ಆದ್ದರಿಂದ ಮೇಜಿನ ಮೇಲಿಟ್ಟ ಫೋನಿಗೂ ವಾಟ್ಸ್ಆ್ಯಪ್ ಕರೆ ಬರುತ್ತದೆ. ಈ ತನಕದ ಬೆಲೆ ತಡ ಮಾತ್ರ: ಫೋಟೋ ಬ್ಯಾಕಪ್ ಅರ್ಧ ಗಂಟೆ ತಡ, ಇಮೇಲ್ ಕೆಲವು ನಿಮಿಷ ತಡ. ಬಹುಪಾಲು ಜನರಿಗೆ ಇದು ಗಮನಕ್ಕೇ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ತೆರೆಯದ ಆ್ಯಪ್‌ಗೆ ಬೆಲೆ ಎಷ್ಟು?

2018ರ ಆಂಡ್ರಾಯ್ಡ್ 9ರಲ್ಲಿ ಹೊಸ ವಿಚಾರವೊಂದು ಸೇರಿತು. ಎಲ್ಲ ಆ್ಯಪ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬದಲು, ನೀವು ಹೇಗೆ ಬಳಸುತ್ತೀರಿ ಎಂಬುದನ್ನು ನೋಡಿ ಅವನ್ನು ಬೇರೆ ಬೇರೆ ಬುಟ್ಟಿಗೆ ಹಾಕುವುದು. ಈಗ ಬಳಸುತ್ತಿರುವುದಕ್ಕೆ ತಡೆ ಇಲ್ಲ. ಹೆಚ್ಚುಕಡಿಮೆ ದಿನಾ ಬಳಸುವುದರ ಹಿನ್ನೆಲೆ ಕೆಲಸ 2 ಗಂಟೆಯ ತನಕ ತಡವಾಗಬಹುದು. ಆಗಾಗ ಬಳಸುವುದಾದರೆ 8 ಗಂಟೆ. ಅಪರೂಪಕ್ಕೆ ಬಳಸುವುದಾದರೆ 24 ಗಂಟೆ. ಇದಕ್ಕಿಂತ ಬಿಗಿಯಾದ ಐದನೆಯ ಬುಟ್ಟಿಯೊಂದು ಆಮೇಲೆ ಬಂತು. ಯಾವ ಆ್ಯಪ್ ಅನ್ನು ಸದ್ಯದಲ್ಲಿ ತೆರೆಯುತ್ತೀರಿ ಎಂದು ಊಹಿಸಲು ಗೂಗಲ್ ತನ್ನ ಡೀಪ್‌ಮೈಂಡ್ ಘಟಕದ ನೆರವು ಪಡೆಯಿತು.

ಇದು ನ್ಯಾಯವೆಂದೇ ತೋರುತ್ತದೆ. ವರ್ಷಕ್ಕೊಮ್ಮೆ ಟಿಕೆಟ್ ತೆಗೆಯುವ ಬಸ್ ಕಂಪನಿಯ ಆ್ಯಪ್ ದಿನಾ ನನ್ನ ಬ್ಯಾಟರಿ ಏಕೆ ತಿನ್ನಬೇಕು? ಆದರೆ ಇದರ ಅಡಿಯಲ್ಲಿ ಒಂದು ಊಹೆ ಇದೆ: ತೆರೆಯದ ಆ್ಯಪ್ ಬೇಡವಾದ ಆ್ಯಪ್. ಕೆಲವು ಆ್ಯಪ್‌ಗಳಿಗೆ ಈ ಊಹೆ ಸಲ್ಲದು. ಕಾವಲುಗಾರನನ್ನು ದಿನಾ ಮಾತಾಡಿಸುವುದಿಲ್ಲ, ಹಾಗೆಂದು ಅವನು ಬೇಡವೆಂದಲ್ಲ. ಜರ್ಮನಿಯ ಆ್ಯಪ್ ಇಂಥ ಕಾವಲುಗಾರ. ಅದನ್ನು ಹಾಕಿಕೊಂಡು ಮರೆತುಬಿಡಿ ಎಂಬುದೇ ಅದರ ಬಳಕೆಯ ವಿಧಾನವಾಗಿತ್ತು.

ಆದರೂ ಗೂಗಲ್‌ನ ಬುಟ್ಟಿಗಳೊಂದೇ ಇದ್ದಿದ್ದರೆ ಜರ್ಮನಿಯಲ್ಲಿ ಅನಾಹುತವಾಗಬೇಕಿರಲಿಲ್ಲ. ಲೆಕ್ಕ ಹಾಕಿ ನೋಡಿ. ಆ್ಯಪ್‌ಗೆ ಬೇಕಿದ್ದದ್ದು ದಿನಕ್ಕೊಂದು ತಪಾಸಣೆ. ಅಪರೂಪದ ಬುಟ್ಟಿಗೆ ಬಿದ್ದರೂ ತಡ ಹೆಚ್ಚೆಂದರೆ 24 ಗಂಟೆ. ಎಚ್ಚರಿಕೆ ಒಂದು ದಿನ ತಡವಾಗಿ ಬರುತ್ತಿತ್ತು, ಬಾರದೇ ಇರುತ್ತಿರಲಿಲ್ಲ. ವಾರಗಟ್ಟಲೆ ಬಾರದೇ ಹೋದದ್ದಕ್ಕೆ ಕಾರಣ ಇನ್ನೊಂದು ಪದರ, ಫೋನು ತಯಾರಕರು ಗೂಗಲ್‌ನ ನಿಯಮಗಳ ಮೇಲೆ ತಾವೇ ಹೊದಿಸಿದ್ದು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು ಅಂಗಡಿಯಲ್ಲಿ ಫೋನು ಮಾರುವ ಮಾತು. ಹಾಗಾಗಿ ಅನೇಕ ಕಂಪನಿಗಳು ತಮ್ಮದೇ ಬ್ಯಾಟರಿ ನಿರ್ವಾಹಕಗಳನ್ನು ಸೇರಿಸಿದವು. ಇವುಗಳಲ್ಲಿ ಹಲವು ಆ್ಯಪ್‌ನ ಕೆಲಸವನ್ನು ಮುಂದೂಡುವುದಿಲ್ಲ, ಆ್ಯಪ್ ಅನ್ನೇ ಮುಗಿಸಿಬಿಡುತ್ತವೆ. ಎರಡರ ನಡುವೆ ದೊಡ್ಡ ಅಂತರವಿದೆ. ಮುಂದೂಡಿದ ಕೆಲಸ ಎಂದಾದರೂ ನಡೆಯುತ್ತದೆ. ಬಲವಂತವಾಗಿ ನಿಲ್ಲಿಸಿದ ಆ್ಯಪ್‌ಗೆ ಅಲಾರಂ ಇಲ್ಲ, ತುರ್ತು ಸಂದೇಶವೂ ತಲುಪುವುದಿಲ್ಲ, ನೀವಾಗಿ ತೆರೆಯುವ ತನಕ ಅದು ಇಲ್ಲದಂತೆಯೇ. ಜನಪ್ರಿಯ ಮೆಸೇಜಿಂಗ್ ಆ್ಯಪ್‌ಗಳಿಗೆ ಕಂಪನಿಗಳು ತಾವೇ ವಿನಾಯಿತಿ ಕೊಟ್ಟಿರುತ್ತವೆ, ಸಣ್ಣವರು ಸಿಕ್ಕಿಬೀಳುತ್ತಾರೆ. ನಿದ್ದೆಯ ಲೆಕ್ಕ ಇಡುವ ‘ಸ್ಲೀಪ್ ಆಸ್ ಆಂಡ್ರಾಯ್ಡ್’ ಆ್ಯಪ್‌ನ ತಯಾರಕರು ಹೀಗೆ ಸಿಕ್ಕಿಬಿದ್ದವರಲ್ಲಿ ಸೇರಿದ್ದರು. ಬೆಳಗ್ಗೆ ಎಬ್ಬಿಸಬೇಕಾದ ಆ್ಯಪ್ ರಾತ್ರಿಯಲ್ಲೇ ಸಾಯುತ್ತಿತ್ತು, ಬೈಗುಳ ಆ್ಯಪ್ ಬರೆದವರಿಗೆ. ಅವರು ಕಟ್ಟಿದ dontkillmyapp.com ಎಂಬ ತಾಣ ಯಾವ ಕಂಪನಿಯ ಫೋನಿನಲ್ಲಿ ಯಾವ ಯಾವ ಗುಂಡಿ ಬದಲಿಸಬೇಕು ಎಂಬುದನ್ನು ಪಟ್ಟಿ ಮಾಡುತ್ತದೆ.

ಜರ್ಮನಿಯ ಪರಿಹಾರವೂ ಅದೇ ದಾರಿಯದು. ಆ್ಯಪ್‌ನ ಹೊಸ ಆವೃತ್ತಿಯಲ್ಲಿ ‘ಆದ್ಯತೆಯ ಹಿನ್ನೆಲೆ ಚಟುವಟಿಕೆ’ ಎಂಬ ಗುಂಡಿ ಸೇರಿಸಿದರು. ಅದನ್ನು ಒತ್ತಿದರೆ ಬ್ಯಾಟರಿ ತಡೆಯಿಂದ ಈ ಆ್ಯಪ್‌ಗೆ ವಿನಾಯಿತಿ ಸಿಗುತ್ತದೆ. ಆದರೆ ಅದನ್ನು ಒತ್ತಬೇಕಾದವರು ಬಳಕೆದಾರರು. ಫೋನನ್ನು ಎಬ್ಬಿಸುವ ಹಕ್ಕು ಆ್ಯಪ್ ಬರೆದವರಿಂದ ಗೂಗಲ್‌ಗೆ, ಗೂಗಲ್‌ನಿಂದ ಫೋನು ಕಂಪನಿಗೆ ಹೋಗಿ, ಹೊಣೆ ಮಾತ್ರ ಕಡೆಗೆ ನಿಮ್ಮ ಬಳಿ ಬಂದು ನಿಂತಿತು.

ಮೌನದ ಬೆಲೆ

ಈ ಕತೆ ಕೋವಿಡ್ ಜೊತೆ ಮುಗಿಯಲಿಲ್ಲ. ಮಧುಮೇಹ ಇರುವವರು ತೋಳಿಗೆ ಅಂಟಿಸಿಕೊಳ್ಳುವ ಸಕ್ಕರೆ ಅಳೆಯುವ ಸೆನ್ಸರ್‌ಗಳು ಈಗ ಫೋನಿಗೇ ಎಚ್ಚರಿಕೆ ಕಳಿಸುತ್ತವೆ. ನಡುರಾತ್ರಿ ಸಕ್ಕರೆ ಇಳಿದರೆ ಫೋನು ಕೂಗಿ ಎಬ್ಬಿಸಬೇಕು. 2025ರ ಫೆಬ್ರವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ ಒಂದು ಸುರಕ್ಷತಾ ಪ್ರಕಟಣೆ ಹೊರಡಿಸಿತು. ಫೋನಿನ ಸೆಟ್ಟಿಂಗ್‌ಗಳಿಂದಾಗಿ ಇಂಥ ಎಚ್ಚರಿಕೆಗಳು ಬಾರದ, ಅಥವಾ ಬಂದರೂ ಕೇಳಿಸದ ವರದಿಗಳು ಬಂದಿವೆ ಎಂದಿತು. ಅದು ಹೇಳಿದ ಕಾರಣಗಳಲ್ಲಿ ‘ಡು ನಾಟ್ ಡಿಸ್ಟರ್ಬ್’ ಇದೆ, ಹೊಸದಾಗಿ ಜೋಡಿಸಿದ ಬ್ಲೂಟೂತ್ ಸಾಧನವಿದೆ, ಫೋನಿನ ತಂತ್ರಾಂಶದ ಅಪ್‌ಡೇಟ್ ಇದೆ. ಅವುಗಳ ಜೊತೆಗೆ, ಕೆಲಕಾಲ ಬಳಸದೆ ಇದ್ದುದರಿಂದ ಆ್ಯಪ್ ‘ಡೀಪ್ ಸ್ಲೀಪ್’ಗೆ ಹೋಗುವುದೂ ಇದೆ. ಗಂಭೀರ ಹಾನಿಗೆ, ಸಾವಿಗೂ ಇದು ಕಾರಣವಾಗಿರಬಹುದು ಎಂದು ಆ ಪ್ರಕಟಣೆ ಎಚ್ಚರಿಸಿತು.

ತಡವಾದ ಇಮೇಲ್ ತನ್ನ ತಡವನ್ನು ತಾನೇ ಹೇಳುತ್ತದೆ, ಬಂದಾಗ ಅದರ ಮೇಲೆ ಹೊತ್ತು ಬರೆದಿರುತ್ತದೆ. ಬಾರದ ಎಚ್ಚರಿಕೆ ಹಾಗಲ್ಲ. ‘ಏನೂ ಆಗಿಲ್ಲ’ ಎಂಬುದಕ್ಕೂ ‘ನೋಡಿಯೇ ಇಲ್ಲ’ ಎಂಬುದಕ್ಕೂ ಪರದೆಯ ಮೇಲೆ ಒಂದೇ ರೂಪ. ಭಾಷೆಯೂ ಇದಕ್ಕೆ ಪರದೆ ಎಳೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿರುವ Optimized ಎಂಬ ಪದವನ್ನು ಅನುವಾದಕರ ಕಣ್ಣಿನಿಂದ ನೋಡಿ. ಉತ್ತಮಪಡಿಸಲಾಗಿದೆ ಎನ್ನುತ್ತದೆ, ಯಾವುದನ್ನು ಕಡಿಮೆ ಮಾಡಿ ಎಂದು ಹೇಳುವುದಿಲ್ಲ. ‘ತಡವಾಗಬಹುದು’ ಎಂದು ಬರೆದಿದ್ದರೆ ಯಾರಿಗಾದರೂ ಅರ್ಥವಾಗುತ್ತಿತ್ತು.

ಹಾಗಾದರೆ ಯಾವುದನ್ನು ಒತ್ತಿದರೆ ಏನು ಬದಲಾಗುತ್ತದೆ? ಆಂಡ್ರಾಯ್ಡ್ 12ರ ನಂತರದ ಅನೇಕ ಫೋನುಗಳಲ್ಲಿ ಆ್ಯಪ್‌ನ ಮಾಹಿತಿ ಪುಟದ Battery ವಿಭಾಗದಲ್ಲಿ ಮೂರು ಆಯ್ಕೆಗಳಿವೆ. Unrestricted ಎಂದರೆ ಡೋಜ್ ಮತ್ತು ಬುಟ್ಟಿಗಳ ತಡೆಯಿಂದ ಬಹುಮಟ್ಟಿಗೆ ವಿನಾಯಿತಿ. Optimized ಎಂದರೆ ಇಲ್ಲಿಯ ತನಕ ಹೇಳಿದ ಮುಂದೂಡಿಕೆ. Restricted ಎಂದರೆ ಹಿನ್ನೆಲೆ ಕೆಲಸ ಹೆಚ್ಚುಕಡಿಮೆ ಬಂದ್. ಕೆಲವು ಹೊಸ ಆವೃತ್ತಿಗಳಲ್ಲಿ ಇವು Allow background usage ಎಂಬ ಗುಂಡಿಯ ಒಳಗೆ ಸೇರಿವೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇದರ ಜೊತೆಗೆ Sleeping apps, Deep sleeping apps, Never sleeping apps ಎಂಬ ಪಟ್ಟಿಗಳಿರುತ್ತವೆ. ಶಿಯೋಮಿ ಫೋನುಗಳಲ್ಲಿ Autostart ಎಂಬ ಅನುಮತಿ ಬೇರೆಯಾಗಿ ಇರುತ್ತದೆ. ಅಲ್ಲಿ ತಡೆ ಇದ್ದರೆ ಗೂಗಲ್‌ನ Unrestricted ಒಂದನ್ನೇ ನಂಬಿ ಕೂರುವಂತಿಲ್ಲ.

ಇವೆಲ್ಲದರ ಮೇಲೆ ಬ್ಯಾಟರಿ ಸೇವರ್. ಇಂದಿನ ಆಂಡ್ರಾಯ್ಡ್‌ನಲ್ಲಿ ಅದನ್ನು ಒತ್ತಿದ ಕೂಡಲೇ, ಫೋನು ಸುಮ್ಮನೆ ಮಲಗುವ ತನಕ ಕಾಯದೆ, ಹಿನ್ನೆಲೆಯ ಆ್ಯಪ್‌ಗಳಿಗೆ ಇಂಟರ್ನೆಟ್ ತಪ್ಪುತ್ತದೆ. ಪರದೆ ಆರಿದಾಗ ಸ್ಥಳ ಗುರುತಿಸುವುದೂ ನಿಲ್ಲಬಹುದು. ತಡರಾತ್ರಿ ರೈಲಿಳಿದು ಆಟೋದಲ್ಲಿ ಬರುವ ಮಗಳ ಲೈವ್ ಲೊಕೇಶನ್ ನೋಡುತ್ತ ಕುಳಿತ ಮನೆಯವರಿಗೆ ಚುಕ್ಕೆ ಒಂದೇ ಕಡೆ ನಿಂತಂತೆ ಕಂಡರೆ, ಅವಳ ಫೋನು ಶೇಕಡಾ 15ಕ್ಕಿಳಿದು ಸೇವರ್ ಹತ್ತಿಕೊಂಡಿರುವ ಸಾಧ್ಯತೆಯನ್ನೂ ನೆನಪಿಡಬೇಕು. ಐಫೋನಿನ Low Power Mode ಕೂಡ 2015ರಿಂದ ಇದೇ ಜಾತಿಯ ಕೆಲಸ ಮಾಡುತ್ತದೆ. ಮೇಲ್ ತರುವುದು, ಆ್ಯಪ್‌ಗಳು ಹಿನ್ನೆಲೆಯಲ್ಲಿ ತಾಜಾ ಆಗುವುದು ನಿಲ್ಲುತ್ತದೆ. ಚಾರ್ಜು ಶೇಕಡಾ 80ಕ್ಕೇರಿದಾಗ ತಾನಾಗಿಯೇ ಆರುತ್ತದೆ.

ತಡೆ ಇದೆ ಎಂದು ಗೊತ್ತಾಗುವ ಸುಲಭ ಲಕ್ಷಣ ಒಂದಿದೆ. ಗಂಟೆಗಟ್ಟಲೆ ಸದ್ದಿಲ್ಲದ ಆ್ಯಪ್, ನೀವು ಅದನ್ನು ತೆರೆದ ಕೂಡಲೇ ಹತ್ತಾರು ಸೂಚನೆಗಳನ್ನು ಒಟ್ಟಿಗೇ ಸುರಿದರೆ ಅದು ಹಿನ್ನೆಲೆಯಲ್ಲಿ ಓಡುತ್ತಿರಲಿಲ್ಲ ಎಂದರ್ಥ. ಕಾವಲಿನ ಆ್ಯಪ್ ಆದರೆ ಹೀಗೆ ಕಾಯಬಾರದು, ಪರೀಕ್ಷಿಸಬೇಕು. ಚಾರ್ಜರ್ ತೆಗೆದು, ಪರದೆ ಆರಿಸಿ, ರಾತ್ರಿ ಮೇಜಿನ ಮೇಲಿಟ್ಟು, ಬರಲೇಬೇಕಾದ ಒಂದು ಸೂಚನೆ ಹೊತ್ತಿಗೆ ಬಂತೇ ಎಂದು ನೋಡಬೇಕು. ಫೋನಿನ ತಂತ್ರಾಂಶ ಅಪ್‌ಡೇಟ್ ಆದ ಮೇಲೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ಕೊಟ್ಟ ವಿನಾಯಿತಿ ಆಗ ಅಳಿಸಿಹೋಗಬಹುದು.

ಇನ್ನು ಗಳಿಕೆಯ ಲೆಕ್ಕ. ತಿಂಗಳಿಂದ ತೆರೆಯದ ಇಪ್ಪತ್ತು ಆ್ಯಪ್‌ಗಳನ್ನು ಕೂತು ಒಂದೊಂದಾಗಿ Restricted ಮಾಡಿದರೆ ಸಿಗುವುದು ಅಲ್ಪ, ಏಕೆಂದರೆ ಅವು ಆಗಲೇ ಅಪರೂಪದ ಬುಟ್ಟಿಯಲ್ಲಿವೆ. ಬ್ಯಾಟರಿ ಬಳಕೆಯ ಪುಟದಲ್ಲಿ ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ಓಡಿದ್ದು ಯಾವುದು ಎಂದು ನೋಡಿ, ಅದು ನಿಮಗೆ ಬೇಡವಾದದ್ದಾಗಿದ್ದರೆ ಅದೊಂದನ್ನು ತಡೆಯುವುದು ಹೆಚ್ಚು ಫಲ ಕೊಡುತ್ತದೆ. ಹಾಗೆಯೇ ನಿಮ್ಮ ಕಾವಲಿನ ಆ್ಯಪ್‌ಗಳು ಎಷ್ಟಿದ್ದಾವು? ಸಕ್ಕರೆಯ ಸೆನ್ಸರ್, ಔಷಧಿಯ ನೆನಪು, ಊರಿನ ಮನೆಯ ಕ್ಯಾಮೆರಾ, ಆಸ್ಪತ್ರೆಯಿಂದ ಕರೆ ಬರುವ ಆ್ಯಪ್. ಎಣಿಸಿದರೆ ಮೂರೋ ನಾಲ್ಕೋ. ಅಷ್ಟಕ್ಕೆ ಪೂರ್ತಿ ವಿನಾಯಿತಿ ಕೊಟ್ಟು, ಉಳಿದವನ್ನು ಫೋನಿನ ಪಾಡಿಗೆ ಬಿಡಬಹುದು. ಊರಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲಿ ಆ ಮೂರು ನಾಲ್ಕು ಯಾವುವು ಎಂಬುದನ್ನು ಮಾತ್ರ ಫೋನು ಊಹಿಸಲಾರದು, ಮುಂದಿನ ಸಲ ಹೋದಾಗ ಪಕ್ಕದಲ್ಲಿ ಕೂತು ಅವರನ್ನೇ ಕೇಳಬೇಕು.